ಪಳಗಿದ ಕೈ ಸಲೂನ್ ಬಿಟ್ಟು ಹೊರಟಾಗ ಗ್ರಾಹಕರನ್ನು ಉಳಿಸಿಕೊಳ್ಳುವುದು ಹೇಗೆ?

"ಅಕ್ಕಾ, ಮುಂದಿನ ತಿಂಗಳಿಂದ ನಾನು ಬರಲ್ಲ." ಕತ್ತರಿ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ನಮ್ಮಲ್ಲೇ ಕಲಿತ ಹುಡುಗಿ ಒಂದು ಸಂಜೆ ಹೀಗೆಂದಾಗ ನನಗೆ ಕೈಕಾಲೇ ಆಡಲಿಲ್ಲ. ಎರಡು ದಿನ ಬಿಟ್ಟು ಇನ್ನೊಂದು ವಿಷಯ ಗೊತ್ತಾಯಿತು. ಕೌಂಟರಿನ ಮೇಲಿದ್ದ ಅಪಾಯಿಂಟ್‌ಮೆಂಟ್ ಪುಸ್ತಕದ ಪುಟಗಳನ್ನು ಅವಳು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಿದ್ದಳು.

ಆಗ ಸಿಟ್ಟು ಬಂತು, ನಿಜ. ಆದರೆ ಸಿಟ್ಟಿನಲ್ಲಿ ಅವತ್ತೇ ಮನೆಗೆ ಕಳಿಸಿದ್ದರೆ ಅವಳು ಅವತ್ತಿನಿಂದಲೇ ಎಲ್ಲರಿಗೂ ಫೋನ್ ಮಾಡುತ್ತಿದ್ದಳು. ನಮ್ಮ ಕೈಯಲ್ಲಿ ಏನೂ ಸಿದ್ಧ ಇರುತ್ತಿರಲಿಲ್ಲ.

ಮೊದಲು ಯಾವುದು ಯಾರದ್ದು ಅನ್ನೋದು ಸ್ಪಷ್ಟ ಇರಬೇಕು. ಕೈಚಳಕ ಅವಳದು, ಅದು ಅವಳ ಜೊತೆಗೇ ಹೋಗುತ್ತದೆ. ಪುಸ್ತಕ, ಫೋನ್ ನಂಬರುಗಳು, ಕಲರ್ ಕಾರ್ಡುಗಳು ಸಲೂನಿನವು. ಗ್ರಾಹಕರು ಯಾರ ಸ್ವತ್ತೂ ಅಲ್ಲ. ಅವರಿಗೆ ಬೇಕಾದ ಕಡೆ ಹೋಗುತ್ತಾರೆ. ಹಾಗಾಗಿ ನಾವು ಕಾಪಾಡಬೇಕಾದ್ದು ಎರಡೇ: ಪಟ್ಟಿ, ಮತ್ತು ಅವರು ಮತ್ತೆ ನಮ್ಮ ಬಾಗಿಲಿಗೆ ಬರಲು ಒಂದು ಕಾರಣ.

ಮೊದಲ ಹೆಜ್ಜೆ: ಅದೇ ದಿನ ಪಟ್ಟಿ ಭದ್ರ ಮಾಡಿ

ಬುಕಿಂಗ್ ಸಾಫ್ಟ್‌ವೇರ್ ಇದ್ದರೆ ಕೆಲಸ ಬಿಡುತ್ತಿರುವವರ ಲಾಗಿನ್‌ಗೆ ಅವತ್ತಿನ ಅಪಾಯಿಂಟ್‌ಮೆಂಟ್ ಮಾತ್ರ ಕಾಣುವಂತೆ ಮಾಡಿ. ಪೂರ್ತಿ ಪಟ್ಟಿ ಡೌನ್‌ಲೋಡ್ ಮಾಡುವ ಅವಕಾಶ ನಿಮಗೆ ಮಾತ್ರ ಇರಲಿ. ಸಲೂನಿನ ಪೇಜ್, ವಾಟ್ಸ್ಆ್ಯಪ್ ನಂಬರ್, ಫೋಟೊ ಅಕೌಂಟ್ ಇವುಗಳ ಪಾಸ್‌ವರ್ಡ್ ಬದಲಿಸಿ. ಪೇಜ್ ಅವರ ಸ್ವಂತ ಮೊಬೈಲ್ ನಂಬರಿನಲ್ಲಿ ಶುರುವಾಗಿದ್ದರೆ ಅವರು ಇರುವಾಗಲೇ, ಒಳ್ಳೆಯ ಮಾತಿನಲ್ಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹೋದ ಮೇಲೆ ಇದು ತುಂಬಾ ಕಷ್ಟ.

ಪುಸ್ತಕದ ಫೋಟೊ ತೆಗೆದದ್ದು ಗೊತ್ತಾದಾಗ ನಾನು ನೇರವಾಗಿ ಕೇಳಿದೆ. ಅಳಿಸುತ್ತೇನೆ ಎಂದಳು. ಆ ಮಾತನ್ನು ಒಂದು ಹಾಳೆಯಲ್ಲಿ ಬರೆಸಿ, ಸಹಿ ಹಾಕಿಸಿ ಇಟ್ಟುಕೊಂಡೆ.

ಎರಡನೇ ಹೆಜ್ಜೆ: ಕಾರ್ಡು ತುಂಬಿಸಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ. ಕಲರ್ ಮಾಡಿಸುವವರು ಒಬ್ಬರ ಹಿಂದೆಯೇ ಹೋಗುವುದು ಯಾಕೆ ಹೇಳಿ? ತಮ್ಮ ತಲೆಯ ಲೆಕ್ಕ ಅವರೊಬ್ಬರಿಗೇ ಗೊತ್ತು ಅನ್ನುವ ಭಯಕ್ಕೆ. ಆ ಲೆಕ್ಕ ಕಾರ್ಡಿನಲ್ಲಿ ಇದ್ದರೆ ಭಯ ಅರ್ಧ ಇಳಿಯುತ್ತದೆ.

"ಡಾರ್ಕ್ ಬ್ರೌನ್, ರೂಟ್ಸ್" ಎಂದಷ್ಟೇ ಬರೆದ ಕಾರ್ಡಿನಿಂದ ಏನೂ ಪ್ರಯೋಜನ ಇಲ್ಲ. ಒಂದು ಒಳ್ಳೆಯ ಕಾರ್ಡು ಹೀಗಿರುತ್ತದೆ: ಬೇರಿಗೆ 5.0 ಶೇಡ್ 30 ಗ್ರಾಂ, 6.3 ಶೇಡ್ 10 ಗ್ರಾಂ, 20 ವಾಲ್ಯೂಮ್ ಡೆವಲಪರ್ 40 ಗ್ರಾಂ. 35 ನಿಮಿಷ. ಹಣೆಯ ಅಂಚಿನಲ್ಲಿ ಬಿಳಿ ಜಾಸ್ತಿ, ಅಲ್ಲಿಂದಲೇ ಶುರು. ತುದಿ ಒಣಗಿದೆ, ಅಲ್ಲಿಗೆ ಕೊನೆಯ 5 ನಿಮಿಷ ಮಾತ್ರ. ಕಂಪನಿಯ ಹೆಸರೂ ಇರಬೇಕು, ಯಾಕೆಂದರೆ ಒಂದು ಕಂಪನಿಯ 6.3 ಇನ್ನೊಂದರ 6.3ರಂತೆ ಬರುವುದಿಲ್ಲ.

ನೋಟಿಸ್ ಅವಧಿಯಲ್ಲಿ ಅವಳು ಮಾಡಿದ ಪ್ರತಿ ಕಲರ್‌ಗೂ ಪಕ್ಕದಲ್ಲಿ ಇನ್ನೊಬ್ಬರು ನಿಂತು ತೂಕ, ಸಮಯ ಬರೆದುಕೊಂಡರು. ಬೌಲನ್ನು ತಕ್ಕಡಿಯ ಮೇಲಿಟ್ಟೇ ಕಲಸಿಸಿದೆ. ಇಷ್ಟು ದಿನ ಕಣ್ಣಳತೆಯಲ್ಲೇ ಹಾಕುತ್ತಿದ್ದಳು! ಹಾಗೆ ಪಕ್ಕದಲ್ಲಿ ನಿಂತವರೇ ವಾಶ್ ಮಾಡಿ, ಬ್ಲೋ ಡ್ರೈ ಮಾಡಿದರು. ಗ್ರಾಹಕರಿಗೆ ಎರಡನೇ ಕೈಯ ಪರಿಚಯವೂ ಆಯಿತು.

ಮೂರನೇ ಹೆಜ್ಜೆ: ಫೋನ್ ಮಾಡಿ, ಆದರೆ ಸರಿಯಾದ ಹೊತ್ತಿಗೆ

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅದಕ್ಕೇ ರೂಟ್ ಟಚ್‌ಅಪ್‌ಗೆ ಜನ 4ರಿಂದ 6 ವಾರಕ್ಕೆ ಬರುತ್ತಾರೆ. ಬೇರಿನ ಬಿಳಿ ಕಾಣಿಸುವ ಆ ವಾರದಲ್ಲೇ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುತ್ತಾರೆ. ಎಲ್ಲರಿಗೂ ಒಂದೇ ದಿನ ಮೆಸೇಜ್ ಕಳಿಸುವ ಬದಲು ಪ್ರತಿಯೊಬ್ಬರ ಸರದಿಗೆ ಒಂದು ವಾರ ಮೊದಲು ಫೋನ್ ಮಾಡಿ.

ಏನು ಹೇಳಬೇಕು? ಇದ್ದದ್ದನ್ನು ಇದ್ದ ಹಾಗೆ. "ಮೇಡಂ, ಅವರು ನಮ್ಮಲ್ಲಿ ಕೆಲಸ ಬಿಟ್ಟಿದ್ದಾರೆ. ನಿಮ್ಮ ಕಲರ್ ಲೆಕ್ಕ ಪೂರ್ತಿ ನಮ್ಮ ಹತ್ತಿರ ಇದೆ. ಹೋದ ಸಲ ಬ್ಲೋ ಡ್ರೈ ಮಾಡಿದವರೇ ಈ ಸಲ ಹಚ್ಚುತ್ತಾರೆ, ನಾನೂ ಪಕ್ಕದಲ್ಲಿ ಇರುತ್ತೇನೆ. ಗುರುವಾರ ಬರ್ತೀರಾ?" ಇಷ್ಟು ಸಾಕು. ರಜೆಯಲ್ಲಿದ್ದಾರೆ ಎಂದು ಸುಳ್ಳು ಹೇಳಬೇಡಿ. ಅದೇ ವಾರ ಅವರ ಮೆಸೇಜ್ ಬಂದಿರುತ್ತದೆ, ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಬಿಟ್ಟುಹೋದವರನ್ನು ಬೈಯಲೂ ಬೇಡಿ. ಅವರ ಕೆಲಸ ಇಷ್ಟಪಟ್ಟೇ ಇಷ್ಟು ದಿನ ಬಂದಿದ್ದಾರೆ ಅಲ್ವಾ?

ಮೊದಲ ಸಲ ಬಂದಾಗ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಕಾರ್ಡನ್ನು ಅವರ ಕಣ್ಣೆದುರೇ ತೆಗೆದು ಓದಿ. ಶೇಡ್ ಬದಲಿಸುವ ಪ್ರಯೋಗ ಆ ದಿನ ಬೇಡವೇ ಬೇಡ. ಕಂಪನಿ ಬದಲಾಗಿದ್ದರೆ 48 ಗಂಟೆ ಮೊದಲು ಪ್ಯಾಚ್ ಟೆಸ್ಟ್ ಮಾಡಿಸಿ. ಒಂದು ವಾರದೊಳಗೆ ಬಣ್ಣ ಸರಿ ಅನಿಸದಿದ್ದರೆ ದುಡ್ಡಿಲ್ಲದೆ ಸರಿಮಾಡಿಕೊಡುತ್ತೇವೆ ಎಂದು ನೀವೇ ಮೊದಲು ಹೇಳಿ.

ಕರಾರಿನ ಮಾತು

"ಬಿಟ್ಟ ಮೇಲೆ ಎಲ್ಲೂ ಈ ಕೆಲಸ ಮಾಡಬಾರದು" ಎಂದು ಬರೆಸಿಕೊಂಡವರು ಧೈರ್ಯವಾಗಿ ಕೂತಿರುತ್ತಾರೆ. ಭಾರತದಲ್ಲಿ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಅಂಥ ಷರತ್ತು ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ನಿಲ್ಲುವುದಿಲ್ಲ. ಇಂಗ್ಲೆಂಡಿನಲ್ಲಿ ಅವಧಿ, ದೂರ ಎಲ್ಲ ಮಿತಿಯಲ್ಲಿದ್ದರೆ ಒಪ್ಪುವುದುಂಟು. ಹೊಟ್ಟೆಪಾಡನ್ನೇ ತಡೆಯುವುದು ನನಗಂತೂ ಸರಿ ಕಾಣುವುದಿಲ್ಲ. ಅದರ ಬದಲು ಗ್ರಾಹಕರ ನಂಬರು, ಕಾರ್ಡು ಹೊರಗೆ ಒಯ್ಯಬಾರದು, ಬಳಸಬಾರದು ಎಂಬ ಗೌಪ್ಯತೆಯ ಷರತ್ತನ್ನು ಕೆಲಸಕ್ಕೆ ಸೇರುವಾಗಲೇ ಬರೆಸಿ. ಪಟ್ಟಿ ಬಳಸಿದ್ದಕ್ಕೆ ಗುರುತು ಸಿಕ್ಕರೆ, ಅಂದರೆ ಒಂದೇ ಮೆಸೇಜ್ ಹಲವರಿಗೆ ಹೋಗಿ ಅವರಲ್ಲೊಬ್ಬರು ನಿಮಗೆ ತೋರಿಸಿದರೆ, ಅವರ ಒಪ್ಪಿಗೆ ಪಡೆದು ದಿನಾಂಕ ಸಮೇತ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವಕೀಲರ ಪತ್ರ ಆಮೇಲಿನ ಮಾತು. ಸುಮ್ನೆ ಅನುಮಾನದ ಮೇಲೆ ಕಳಿಸಿದ ಪತ್ರ ಊರಿಗೆಲ್ಲ ನಿಮ್ಮ ಜಗಳದ ಸುದ್ದಿ ಹಬ್ಬಿಸುತ್ತದೆ, ಅಷ್ಟೇ.

ಲೆಕ್ಕ ಹಾಕುವುದು ಯಾವಾಗ?

ಮೊದಲ ತಿಂಗಳು ಕುರ್ಚಿ ಖಾಲಿ ಕಂಡರೆ ಗಾಬರಿ ಬೇಡ. ಒಬ್ಬರು ಎರಡು ಸರದಿ ತಪ್ಪಿಸಿದರೆ ಮಾತ್ರ ಹೋದರು ಎಂದು ಬರೆದುಕೊಳ್ಳಿ. ಕಲರ್‌ನವರಿಗೆ ಅದು 12 ವಾರ.

ನಮ್ಮಲ್ಲಿ ಅವಳ ಹತ್ತಿರ ಕಲರ್ ಮಾಡಿಸುತ್ತಿದ್ದವರು 31 ಜನ. 12 ವಾರ ಕಳೆದ ಮೇಲೆ ಉಳಿದವರು 19. ಎಂಟು ಜನ ಅವಳ ಹತ್ತಿರ ಹೋದರು, ನಾಲ್ವರು ಎರಡೂ ಕಡೆ ಇಲ್ಲ. ಕಾರ್ಡುಗಳನ್ನು ಬಿಡಿಸಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವಳು ಹೋಗುವ ಮೊದಲೇ ಎರಡು ಸಲವಾದರೂ ಬೇರೆಯವರ ಕೈಯಲ್ಲಿ ವಾಶ್, ಬ್ಲೋ ಡ್ರೈ ಮಾಡಿಸಿಕೊಂಡಿದ್ದವರು 14 ಜನ. ಅವರಲ್ಲಿ 12 ಜನ ಉಳಿದರು. ಅಷ್ಟು ಸಲ ಬೇರೆ ಕೈ ಕಾಣದ 17 ಜನರಲ್ಲಿ ಉಳಿದವರು ಏಳೇ.

ಈಗ ನಮ್ಮಲ್ಲಿ ಕಲರ್ ಹಚ್ಚಿದವರು ವಾಶ್ ಮಾಡುವುದಿಲ್ಲ, ಅದು ಬೇರೆಯವರ ಕೆಲಸ. ಕಾರ್ಡಿನ ಕೆಳಗೆ ಇಬ್ಬರ ಸಹಿಯೂ ಬೀಳುತ್ತದೆ. ತಕ್ಕಡಿ ಬೌಲಿನ ಪಕ್ಕದಲ್ಲೇ ಇರುತ್ತದೆ.