ನಮ್ಮ ಬೂದ್ಯಾನಿಗೆ ನೀರು ತಿನ್ನಿಸಿದ ಕಥೆ

ರಾಯಚೂರಿನ ಬಿಸಿಲಲ್ಲಿ ಗಂಡು ಬೆಕ್ಕು ಸಾಕಿದವರಿಗಾಗಿ ಇದನ್ನು ಬರೀತಿದ್ದೇನೆ. ಸಾಕೋದು ಹೇಗೆ ಅಂತ ನಿಮಗೆ ಗೊತ್ತಿದೆ, ಅದನ್ನೆಲ್ಲ ಹೇಳೋಲ್ಲ. ಒಂದೂವರೆ ವರ್ಷದ ಹಿಂದೆ "ಹಸಿ ಆಹಾರದ ಪೌಚಿಗೆ ದುಡ್ಡು ಸುರೀಬ್ಯಾಡ, ಬೆಕ್ಕು ಬೇಕಾದಷ್ಟು ನೀರು ತಾನೇ ಕುಡಿತೈತಿ" ಅಂದವರು ಈಗ ನನಗೇ ಫೋನ್ ಮಾಡಿ ಪೌಚಿನ, ನೀರಿನ ಅಳತೆ ಕೇಳ್ತಾರೆ.

ಬೂದ್ಯಾ ಆಪರೇಷನ್ ಮಾಡಿಸಿದ ಗಂಡು, ತೂಕ ಹತ್ತಿರ ಹತ್ತಿರ 4.8 ಕಿಲೋ. ಮೂರು ವರ್ಷ ಬರೀ ಡ್ರೈ ಫುಡ್ ತಿಂದವನು. ಒಂದು ಏಪ್ರಿಲ್ ರಾತ್ರಿ ಮರಳಿನ ಟ್ರೇಗೆ ಹೋಗಿ ಕೂರೋದು, ತಿಣುಕೋದು, ಎದ್ದು ಬರೋದು, ಮತ್ತೆ ಹೋಗೋದು. ಅವ್ವ "ಮಲ ಕಟ್ಟೈತಿ, ಹರಳೆಣ್ಣಿ ಹಾಕು" ಅಂದರು. ನಾನೂ ಹಾಕಿದೆ. ಅದೇ ನನ್ನ ದೊಡ್ಡ ತಪ್ಪು. ಟ್ರೇಯಲ್ಲಿ ಮಲ ಇತ್ತು, ಉಚ್ಚೆಯ ಗುರುತು ಮಾತ್ರ ಇರಲಿಲ್ಲ. ಅದನ್ನು ನಾನು ನೋಡಲೇ ಇಲ್ಲ. ಮಾರನೇ ದಿನ ವಾಂತಿ ಶುರುವಾಯಿತು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು, ಮೂತ್ರಕೋಶ ಮೋಸಂಬಿ ಹಾಗೆ ಗಟ್ಟಿ. ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಣ್ಣದು, ಹರಳಿನ ಪುಡಿ ಮತ್ತು ಲೋಳೆ ಸೇರಿದರೆ ಬಿರಡೆ ಹಾಕಿದ ಹಾಗೆ ಮುಚ್ಚಿಕೊಳ್ಳುತ್ತದೆ. ಒಂದೆರಡು ದಿನ ಹಾಗೇ ಬಿಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಮಂಪರು ಕೊಟ್ಟು, ನಳಿಕೆ ಹಾಕಿ ತೊಳೆದು, ಎರಡು ದಿನ ಡ್ರಿಪ್ ಕೊಟ್ಟರು. ಸುಮಾರು 11 ಸಾವಿರ ಹೋಯಿತು. ಮನೆಗೆ ತಂದು ಮತ್ತೆ ಅದೇ ಕಾಳು ಹಾಕಿದೆ, ಐದು ವಾರಕ್ಕೆ ಮತ್ತೆ ಮುಚ್ಚಿಕೊಂಡಿತು. ಇನ್ನೊಂದು 9 ಸಾವಿರ. ಆಗ ಬುದ್ಧಿ ಬಂತು.

ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ನೋಡಿ ಸ್ಟ್ರುವೈಟ್ ಹರಳು ಅಂದರು, ಅದನ್ನು ಕರಗಿಸೋ ಆಹಾರ ಬರೆದುಕೊಟ್ಟರು. ಜೊತೆಗೆ "ಉಚ್ಚೆ ತುಂಬಾ ಗಟ್ಟಿ ಇದೆ, ನೀರು ಸಾಲ್ತಿಲ್ಲ" ಅಂದರು. ಉಚ್ಚೆಯ ಸಾಂದ್ರತೆ 1.050ರ ಮೇಲಿತ್ತು, 1.035ರ ಕೆಳಗೆ ಬರಬೇಕಂತೆ. ನಾನು ವಾದ ಮಾಡಿದೆ. ಯಾಕಂದ್ರೆ ಬಟ್ಟಲಿಗೆ ಅಳೆದು ಹಾಕಿದ 300 ಎಂಎಲ್‌ನಲ್ಲಿ ದಿನಕ್ಕೆ 170-180 ಖಾಲಿಯಾಗುತ್ತಿತ್ತು.

ಆ ನೀರು ಎಲ್ಲಿ ಹೋಗುತ್ತಿತ್ತು ಗೊತ್ತಾ? ಬಿಸಿಲಿಗೆ. ಅದೇ ತರದ ಇನ್ನೊಂದು ಬಟ್ಟಲಿಗೆ ಅಷ್ಟೇ ನೀರು ಹಾಕಿ, ಮೇಲೆ ಸೊಳ್ಳೆ ಜಾಲಿ ಕಟ್ಟಿ, ಪಕ್ಕದಲ್ಲೇ ಇಟ್ಟೆ. ಯಾರೂ ಮುಟ್ಟದಿದ್ದರೂ ದಿನಕ್ಕೆ 90-100 ಎಂಎಲ್ ಫ್ಯಾನ್ ಗಾಳಿಗೆ ಆರಿಹೋಗುತ್ತಿತ್ತು! ಅಂದರೆ ಬೂದ್ಯಾ ಕುಡೀತಿದ್ದದ್ದು ಬರೀ 80ರ ಆಸುಪಾಸು. ಬೆಕ್ಕಿಗೆ ಕಿಲೋಗೆ ಹೆಚ್ಚುಕಮ್ಮಿ 50 ಎಂಎಲ್ ಅಂತ ಹಿಡಿದರೆ ಇವನಿಗೆ 240 ಬೇಕು. ಡ್ರೈ ಫುಡ್‌ನಲ್ಲಿ ನೂರಕ್ಕೆ ಹತ್ತು ಭಾಗವೂ ನೀರಿರೋಲ್ಲ. 60 ಗ್ರಾಂ ತಿಂದರೆ ಒಂದು ಚಮಚ ನೀರು ಹೊಟ್ಟೆಗೆ ಹೋಯಿತು ಅಷ್ಟೇ. ನಮ್ಮ ಊರಲ್ಲಿ ಬಟ್ಟಲು ಅಳೆಯೋರು ಪಕ್ಕಕ್ಕೆ ಜಾಲಿ ಬಟ್ಟಲು ಇಡದಿದ್ದರೆ ಲೆಕ್ಕ ಸುಳ್ಳು.

ಜಾಸ್ತಿ ಕುಡಿಸೋಕೆ ಏನೇನೋ ಮಾಡಿದೆ. 1,800 ರೂಪಾಯಿ ಕೊಟ್ಟು ಫೌಂಟನ್ ತಂದೆ. ಹತ್ತು ದಿನ ಪಂಜದಿಂದ ಆಟ ಆಡಿದ, ಆಮೇಲೆ ಕರೆಂಟು ಹೋದಾಗಲೆಲ್ಲ ಅದು ನಿಲ್ಲೋದು, ಇವನೂ ಅತ್ತ ಹೋಗೋದು ಬಿಟ್ಟ. ಹಾಲು ಬೆರೆಸಿದೆ, ಭೇದಿ. ಮಣ್ಣಿನ ಅಗಲ ಬಟ್ಟಲಿನ ತಣ್ಣನೆ ನೀರು ಮಾತ್ರ ಸ್ವಲ್ಪ ಹಿಡಿಸಿತು, 20 ಎಂಎಲ್ ಜಾಸ್ತಿಯಾಗಿರಬಹುದು. ಕೊನೆಗೆ, ಕುಡಿಯೋ ನೀರಿನ ಆಸೆ ಬಿಟ್ಟು ತಿನ್ನೋದರಲ್ಲೇ ನೀರು ಹಾಕೋಣ ಅಂತ ತೀರ್ಮಾನ ಮಾಡಿದೆ.

ಪೌಚ್ ಇಟ್ಟರೆ ಮೂಸಿ ನೋಡಿ, ಮಣ್ಣು ಮುಚ್ಚುವ ಹಾಗೆ ನೆಲ ಕೆರೆದು ಹೋದ. ಭಾವ "ಹಸಿದ್ರ ತಾನೇ ತಿಂತೈತಿ ಬಿಡು" ಅಂದರು. ಎರಡು ದಿನ ಬಿಟ್ಟೆ, ಇವನು ಮುಟ್ಟಲಿಲ್ಲ. ಡಾಕ್ಟರು ಚೆನ್ನಾಗಿ ಬೈದರು. ಮೈ ತುಂಬಿಕೊಂಡ ಬೆಕ್ಕು ಉಪವಾಸ ಬಿದ್ದರೆ ಕೊಬ್ಬೆಲ್ಲ ಲಿವರ್‌ಗೆ ಹೋಗಿ ಕೂರುತ್ತದಂತೆ. ಆಮೇಲೆ ನಿಧಾನ ಮಾಡಿದೆ. ಹಳೇ ಕಾಳಿನ ಪಕ್ಕ ಅರ್ಧ ಚಮಚ ಪೌಚ್, ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ಜಾಸ್ತಿ. ಫ್ರಿಜ್‌ನಿಂದ ತೆಗೆದದ್ದನ್ನು ಬಿಸಿನೀರಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಆಗ ಬರುತ್ತಾನೆ. ಪೂರ್ತಿ ಒಗ್ಗೋಕೆ ಐದಾರು ವಾರ ಹಿಡಿಯಿತು. ಕೊನೆಯ ಹಟ ಮುರಿಯೋಕೆ ಮೇಲೆ ಒಂದು ಪುಡಿ ಉದುರಿಸುತ್ತಿದ್ದೆ. ಉಪ್ಪಲ್ಲ, ಡಾಕ್ಟರಿಗೆ ತೋರಿಸಿದ್ದೇನೆ, ಅದಕ್ಕಿಂತ ಜಾಸ್ತಿ ಹೇಳಲ್ಲ.

ಹರಳು ಕರಗಿದ ಮೇಲಿನ ಲೆಕ್ಕ ಹೀಗಿದೆ. ದಿನಕ್ಕೆ 85 ಗ್ರಾಮಿನ ಎರಡು ಪೌಚ್, ಅದರಲ್ಲೇ ಸುಮಾರು 135 ಎಂಎಲ್ ನೀರು. ಪ್ರತಿ ಪೌಚಿಗೆ 30 ಎಂಎಲ್ ಬೆಚ್ಚನೆ ನೀರು ಸೇರಿಸಿ ಸಾರಿನ ಹಾಗೆ ಕಲಸುತ್ತೇನೆ. ರಾತ್ರಿ 25 ಗ್ರಾಂ ಕಾಳು, 40 ಎಂಎಲ್ ನೀರಲ್ಲಿ ನೆನೆಸಿದ್ದು. ಒಟ್ಟು 235 ಆಯಿತಲ್ವಾ? ಬಟ್ಟಲಿಂದ ಈಗ ಹತ್ತಿಪ್ಪತ್ತು ಎಂಎಲ್ ಕುಡಿದರೆ ಹೆಚ್ಚು, ನೋಡಿದವರು "ನೀರೇ ಕುಡಿಯೋಲ್ಲ" ಅಂತ ಗಾಬರಿಯಾಗ್ತಾರೆ. ಪೌಚ್ ಕೊಳ್ಳುವಾಗ ಪೂರ್ಣ ಆಹಾರ ಅಂತ ಬರೆದಿರೋದನ್ನೇ ನೋಡಿ, ಬರೀ ಗ್ರೇವಿ ತಿಂಡಿ ಊಟವಲ್ಲ.

ಬಾಕ್ಸ್ ತಗೊಂಡರೆ ಪೌಚಿಗೆ 40 ರೂಪಾಯಿ ಆಸುಪಾಸು ಬೀಳುತ್ತದೆ. ತಿಂಗಳಿಗೆ 2,700 ದಾಟುತ್ತದೆ, ಮೊದಲು 900ರಲ್ಲಿ ಮುಗೀತಿತ್ತು. ದುಡ್ಡು ಉಳಿಸೋಕೆ ಮಧ್ಯೆ ಮೂರು ವಾರ ಬರೀ ಬೇಯಿಸಿದ ಕೋಳಿ ಹಾಕಿದೆ, ಖುಷಿಯಾಗಿ ತಿಂದ. ಆದರೆ ಬರೀ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿ, ಬೆಕ್ಕಿಗೆ ಬೇಕೇ ಬೇಕಾದ ಟೌರಿನ್ ಬೇಯಿಸಿದ ನೀರಿಗೆ ಇಳಿದುಬಿಡುತ್ತದೆ, ಆ ನೀರನ್ನು ನಾನು ಚೆಲ್ಲುತ್ತಿದ್ದೆ! ಈಗ ಕೋಳಿ ವಾರಕ್ಕೆರಡು ಸಲ, ಒಂದೆರಡು ತುಂಡು, ಬೇಯಿಸಿದ ನೀರಿನ ಸಮೇತ. ಈರುಳ್ಳಿ, ಬೆಳ್ಳುಳ್ಳಿ ಸೋಕಿಸೋಲ್ಲ, ಬೆಕ್ಕಿಗೆ ವಿಷ ಅದು.

ಬೇಸಿಗೆಯಲ್ಲಿ ತಟ್ಟೆ ಅರ್ಧ ಗಂಟೆಗಿಂತ ಜಾಸ್ತಿ ಇಡಬೇಡಿ, ನೆನೆದ ಕಾಳು ಬೇಗ ಹುಳಿವಾಸನೆ ಹೊಡೆಯುತ್ತದೆ. ಇರುವೆಗೆ ಅವ್ವ ಬೆಲ್ಲದ ಡಬ್ಬಿಗೆ ಮಾಡೋ ಉಪಾಯವೇ, ತಟ್ಟೆಯನ್ನು ನೀರು ತುಂಬಿದ ದೊಡ್ಡ ತಟ್ಟೆಯೊಳಗೆ ಇಡೋದು.

ಟ್ರೇಯ ಮರಳು ತೆಗೆದು, ಉಚ್ಚೆ ಬಿದ್ದಲ್ಲಿ ಗಂಟು ಕಟ್ಟುವ ಲಿಟರ್ ಪುಡಿ ಹಾಕಿದ ಮೇಲೆ ಫಲ ಕಣ್ಣಿಗೆ ಕಂಡಿತು. ಮೊದಲು ದಿನಕ್ಕೆ ಗಜ್ಜುಗದಷ್ಟು ಎರಡು ಗಂಟು. ಈಗ ನಿಂಬೆಹಣ್ಣಿನಷ್ಟು ಮೂರು, ಕೆಲವು ದಿನ ನಾಲ್ಕು. ಒಂದು ದಿನ ಸಣ್ಣ ಸಣ್ಣ ಚುಕ್ಕೆ ಗಂಟು ಬಹಳ ಕಂಡರೆ, ಅಥವಾ ಕೂತು ಎದ್ದರೂ ಗಂಟೇ ಇಲ್ಲದಿದ್ದರೆ, ರಾತ್ರಿಯಾದರೂ ಡಾಕ್ಟರ ಬಾಗಿಲು ತಟ್ಟುತ್ತೇನೆ. ಆಗ ನೀರು ಕುಡಿಸುತ್ತಾ ಕೂತರೆ ಕೆಟ್ಟಿತು. ಇನ್ನೊಂದು ಮಾತು, ಆಕ್ಸಲೇಟ್ ಕಲ್ಲಾದರೆ ಯಾವ ಆಹಾರಕ್ಕೂ ಕರಗೋಲ್ಲ, ತೆಗೆಸಲೇಬೇಕು. ಎಷ್ಟೋ ಬೆಕ್ಕಿಗೆ ಹರಳೇ ಇರೋಲ್ಲ, ಮನೆಗೆ ಹೊಸ ಬೆಕ್ಕು ಬಂದ ಗಾಬರಿಗೇ ಮೂತ್ರಕೋಶ ಊದಿಕೊಳ್ಳುತ್ತದೆ. ಹಾಗಾಗಿ ಮೊದಲು ಉಚ್ಚೆ ಪರೀಕ್ಷೆ ಮಾಡಿಸಿ, ಆಮೇಲೆ ನನ್ನ ಲೆಕ್ಕ ತಗೊಳ್ಳಿ.

ಹದಿನಾರು ತಿಂಗಳಾಯಿತು, ಮತ್ತೆ ಮುಚ್ಚಿಕೊಂಡಿಲ್ಲ. ಹೋದ ಸಲ ಸಾಂದ್ರತೆ 1.030 ಹತ್ತಿರ ಬಂತು. ಆ ಫೌಂಟನ್ನಿನ ಬಟ್ಟಲು ಮಾಳಿಗೆ ಮೇಲಿದೆ, ಗುಬ್ಬಿಗಳು ಮೀಯುತ್ತವೆ, ಬೂದ್ಯಾ ಕಿಟಕಿಯಲ್ಲಿ ಕೂತು ಅವನ್ನೇ ನೋಡುತ್ತಾನೆ.