ಮ್ಯಾನೇಜರ್ ಬಗ್ಗೆ ಸರ್ವೇಯಲ್ಲಿ ನಾನು ಬರೆದಿದ್ದು ಹೀಗೆ

ನಮ್ಮದು ಏಳು ಜನರ ಸಾಫ್ಟ್‌ವೇರ್ ತಂಡ. ವರ್ಷಕ್ಕೊಮ್ಮೆ ಮ್ಯಾನೇಜರ್ ಸರ್ವೇ ಬರುತ್ತದೆ. ಒಂದರಿಂದ ಐದರವರೆಗೆ ಅಂಕ ಕೊಡುವ ಪ್ರಶ್ನೆಗಳು, ಕೊನೆಯಲ್ಲಿ ಕಾಮೆಂಟ್ ಬರೆಯಲು ಎರಡು ಖಾಲಿ ಡಬ್ಬಿಗಳು. ಕಷ್ಟ ಇರುವುದು ಆ ಡಬ್ಬಿಗಳಲ್ಲೇ.

ಏನನ್ನೂ ಬರೆಯುವ ಮೊದಲು ಸರ್ವೇಯ ಮೊದಲ ಪುಟವನ್ನು ನಿಧಾನವಾಗಿ ಓದಿದೆ. ನಮ್ಮ ಲಿಂಕ್ ಒಬ್ಬೊಬ್ಬರಿಗೆ ಬೇರೆ ಬೇರೆ. ಅಂದರೆ ಯಾರು ಏನು ಬರೆದರು ಅನ್ನುವುದು ವ್ಯವಸ್ಥೆಯ ಒಳಗೆ ದಾಖಲಾಗುತ್ತದೆ, ಮ್ಯಾನೇಜರ್‌ಗೆ ತೋರಿಸುವುದಿಲ್ಲ ಅಷ್ಟೇ. ಐದು ಜನಕ್ಕಿಂತ ಕಡಿಮೆ ಉತ್ತರ ಬಂದರೆ ಆ ತಂಡದ ವರದಿಯೇ ತೆರೆಯುವುದಿಲ್ಲ ಅಂತಲೂ ಇತ್ತು. ಇದು ಒಳ್ಳೆಯ ರಕ್ಷಣೆ, ಆದರೆ ಅಂಕಗಳಿಗೆ ಮಾತ್ರ. ಅಂಕಗಳು ಸರಾಸರಿಯಲ್ಲಿ ಕರಗಿಹೋಗುತ್ತವೆ. ಕಾಮೆಂಟ್ ಮಾತ್ರ ನಾವು ಬರೆದ ಹಾಗೇ, ಅಕ್ಷರಕ್ಕೆ ಅಕ್ಷರ, ಮ್ಯಾನೇಜರ್ ಕಣ್ಣಿಗೆ ಬೀಳುತ್ತದೆ. ಏಳು ಜನರಲ್ಲಿ ಯಾರ ಮಾತು ಅಂತ ಪತ್ತೆ ಹಚ್ಚಲು ಹೆಸರೇ ಬೇಕಿಲ್ಲ, ಅಲ್ವಾ?

ನನ್ನ ತಕರಾರು ಒಂದೇ. ಸ್ಪ್ರಿಂಟ್ ಅಂದರೆ ಮೊದಲೇ ಗೊತ್ತು ಮಾಡಿಕೊಂಡ ಕೆಲವು ವಾರಗಳ ಕೆಲಸದ ಸುತ್ತು. ಅದರ ಮಧ್ಯೆ ಕೆಲಸದ ಆದ್ಯತೆ ಬದಲಾಗುತ್ತಿತ್ತು, ಅದೂ ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದೆ. ಸರ್ವೇ ಪುಟದಲ್ಲಿ ಬರೆಯದೆ, ಮನೆಯಲ್ಲಿ ನೋಟ್‌ಬುಕ್ ತೆಗೆದು ಮನಸ್ಸಿನಲ್ಲಿದ್ದದ್ದನ್ನು ಹಾಗೇ ಇಳಿಸಿದೆ:

“ಪೇಮೆಂಟ್ ಪೇಜ್ ಮುಕ್ಕಾಲು ಮುಗಿದಾಗ ಬುಧವಾರ ರಾತ್ರಿ ಮೆಸೇಜ್ ಹಾಕಿ ನಿಲ್ಲಿಸಿದರು. ನಾನು ಮೊದಲೇ ಎಚ್ಚರಿಸಿದ್ದೆ. ಪ್ಲಾನಿಂಗ್ ಅನ್ನುವುದೇ ಗೊತ್ತಿಲ್ಲ.”

ಮರುದಿನ ಇದನ್ನು ಮ್ಯಾನೇಜರ್ ಜಾಗದಲ್ಲಿ ಕೂತು ಓದಿದೆ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದನ್ನು ತಂಡದಲ್ಲಿ ಎಷ್ಟು ಜನ ಬರೆದಿರಬಹುದು? ಪೇಮೆಂಟ್ ಪೇಜ್ ಮಾಡುತ್ತಿದ್ದವಳು ನಾನೊಬ್ಬಳೇ. ಬುಧವಾರ ರಾತ್ರಿಯ ಮೆಸೇಜ್ ಚಾಟ್‌ನಲ್ಲಿ ಇನ್ನೂ ಇದೆ. ಮೊದಲೇ ಎಚ್ಚರಿಸಿದ್ದು ಯಾರು ಅಂತ ಅವರಿಗೆ ನೆನಪಿರುತ್ತದೆ. ಇನ್ನು ಕೊನೆಯ ಸಾಲು ಬೈಗುಳ. ಅದನ್ನು ಓದಿ ಸೋಮವಾರದಿಂದ ಅವರು ಏನನ್ನು ಬದಲಾಯಿಸಬೇಕು? ಏನೂ ಹೊಳೆಯುವುದಿಲ್ಲ, ಸುಮ್ನೆ ಕೋಪ ಬರುತ್ತದೆ.

ಹಾಗಾಗಿ ನನ್ನೊಬ್ಬಳಿಗೆ ಆದದ್ದನ್ನು ಬಿಟ್ಟು, ಕನಿಷ್ಠ ನಾಲ್ಕು ಜನರಿಗೆ ಪದೇ ಪದೇ ಆಗಿದ್ದನ್ನು ಹುಡುಕಿದೆ. ಕೊನೆಗೆ ಕಳಿಸಿದ್ದು ಇದು:

“ಸ್ಪ್ರಿಂಟ್ ಮಧ್ಯೆ ಆದ್ಯತೆ ಬದಲಾದಾಗ ಸುದ್ದಿ ಒಬ್ಬೊಬ್ಬರಿಗೆ ಬೇರೆಯಾಗಿ ಚಾಟ್‌ನಲ್ಲಿ ಬರುತ್ತದೆ. ಉಳಿದವರಿಗೆ ಗೊತ್ತಾಗುವುದು ಮರುದಿನ ಸ್ಟ್ಯಾಂಡಪ್‌ನಲ್ಲಿ. ಅಷ್ಟರಲ್ಲಿ ಅರ್ಧ ಆದ ಕೆಲಸ ನಿಲ್ಲುತ್ತದೆ, ಟೆಸ್ಟಿಂಗ್ ಹಿಂದೆ ಬೀಳುತ್ತದೆ. ಬದಲಾವಣೆಯನ್ನು ತಂಡದ ಚಾನೆಲ್‌ನಲ್ಲಿ ಹಾಕಿ, ಅದರ ಬದಲು ಯಾವ ಕೆಲಸ ಬಿಡಬೇಕು ಅಂತ ಒಂದು ಸಾಲು ಬರೆದರೆ ಸಹಾಯವಾಗುತ್ತದೆ.”

ಇದರಲ್ಲಿ ಅವರ ಸ್ವಭಾವದ ಮಾತಿಲ್ಲ. ಯಾವಾಗ ಏನು ಮಾಡುತ್ತಾರೆ, ಅದರಿಂದ ಏನಾಗುತ್ತದೆ, ಏನು ಮಾಡಬಹುದು, ಇಷ್ಟೇ. ಆದ್ಯತೆ ಬದಲಿಸಲೇಬೇಡಿ ಅಂತ ಕೇಳಲಿಲ್ಲ, ಯಾಕೆಂದರೆ ಅದು ಕ್ಲೈಂಟ್ ಕೈಯಲ್ಲಿದೆ. ಸುದ್ದಿ ಹೇಳುವ ರೀತಿ ಅವರ ಕೈಯಲ್ಲಿದೆ. ಎಲ್ಲರೂ ನನ್ನದೆಂದು ಗುರುತಿಸುವ ಕೆಲವು ಪದಗಳನ್ನೂ, ಸಾಲು ಸಾಲು ಚುಕ್ಕಿ ಹಾಕುವ ನನ್ನ ಅಭ್ಯಾಸವನ್ನೂ ತೆಗೆದೆ.

ಇನ್ನೊಂದು ಡಬ್ಬಿಯಲ್ಲಿ, ಕ್ಲೈಂಟ್ ಮುಂದೆ ಅವರು ತಂಡವನ್ನು ಯಾವತ್ತೂ ಬಿಟ್ಟುಕೊಡುವುದಿಲ್ಲ, ಅದು ಹೀಗೇ ಇರಲಿ ಅಂತ ಬರೆದೆ. ಅದು ಬೆಣ್ಣೆ ಹಚ್ಚುವ ಮಾತಲ್ಲ, ನಿಜ. ಅಂಕವನ್ನೂ ಇದಕ್ಕೆ ತಕ್ಕಂತೆ ಕೊಟ್ಟೆ: ಮಾಹಿತಿ ಹಂಚುವುದಕ್ಕೆ ಎರಡು, ಬೆಂಬಲಕ್ಕೆ ಐದು. ಸಿಟ್ಟಿನಲ್ಲಿ ಎಲ್ಲಕ್ಕೂ ಒಂದು ಹಾಕಿದ್ದರೆ ನಿಜವಾದ ತೊಂದರೆ ಎಲ್ಲಿದೆ ಅಂತ ಯಾರಿಗೂ ಕಾಣುತ್ತಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಲೈಂಗಿಕ ಕಿರುಕುಳದಂಥ ವಿಷಯವನ್ನು ಈ ಡಬ್ಬಿಯಲ್ಲಿ ಹಾಕಿ ಕೂರಬೇಡಿ. 2013ರ ಕಾನೂನಿನ ಪ್ರಕಾರ ಹೆಣ್ಣುಮಕ್ಕಳು ಅದಕ್ಕೆ ಕಂಪನಿಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು, ಸಾಮಾನ್ಯವಾಗಿ ಘಟನೆಯಾದ 3 ತಿಂಗಳೊಳಗೆ. ಸರ್ವೇ ಕಾಮೆಂಟ್ ಆ ದೂರಿನ ಜಾಗ ತುಂಬುವುದಿಲ್ಲ.

ಫಲಿತಾಂಶ ಬಂದ ಮೇಲೆ ಮ್ಯಾನೇಜರ್ ಮೀಟಿಂಗ್ ಕರೆದರು. “ಇದಕ್ಕೆ ಯಾರಾದರೂ ಒಂದು ಉದಾಹರಣೆ ಕೊಡ್ತೀರಾ?” ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು. ಆದರೂ ಇಷ್ಟು ಜಾಗ್ರತೆಯಿಂದ ಬರೆದದ್ದು ಬಯಲಾಗುವುದು ಇಂಥ ಹೊತ್ತಿನಲ್ಲೇ. ನಾನು ಹಳೆಯ ಘಟನೆ ಎತ್ತಲಿಲ್ಲ. ಇನ್ನೊಬ್ಬ ಸಹೋದ್ಯೋಗಿ, “ಮುಂದಿನ ಸ್ಪ್ರಿಂಟ್‌ನಿಂದ ಬದಲಾವಣೆ ಎಲ್ಲಾ ಚಾನೆಲ್‌ನಲ್ಲೇ ಹಾಕಿ ನೋಡೋಣ” ಅಂದಾಗ ನಾನೂ ಹೌದು ಅಂದೆ. ಟೀ ಕುಡಿಯುವಾಗ ಆ ಕಾಮೆಂಟ್ ಯಾರದು ಅನ್ನುವ ಚರ್ಚೆ ಶುರುವಾಯಿತು, ಅದಕ್ಕೂ ಸೇರಲಿಲ್ಲ.

ವಾರದ ಮಧ್ಯೆ ಆದ್ಯತೆ ಬದಲಾಗುವುದು ಈಗಲೂ ನಿಂತಿಲ್ಲ. ಆದರೆ ಸುದ್ದಿ ಚಾನೆಲ್‌ಗೆ ಬರುತ್ತದೆ. ಯಾವ ಕೆಲಸ ಬಿಡಬೇಕು ಅನ್ನುವ ಸಾಲು ಮರೆತಾಗ ಯಾರಾದರೂ ಅದರ ಕೆಳಗೇ ಕೇಳುತ್ತಾರೆ, ಅವರು ಅಲ್ಲೇ ಉತ್ತರ ಹಾಕುತ್ತಾರೆ.