ಕೆಳಗಿನ ಮನೆಯಲ್ಲಿ ಸರಿ, ಮೇಲಿನ ಮನೆಯಲ್ಲಿ ಸೋಲುವ ಫ್ಲಶ್ ವಾಲ್ವ್

ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನ ಮನೆಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ದೂರು ಇದು. ನೆಲಮಹಡಿಯಲ್ಲೂ ಎರಡನೇ ಮಹಡಿಯಲ್ಲೂ ಇರುವುದು ಒಂದೇ ಕಂಪನಿಯ ಫ್ಲಶ್ ವಾಲ್ವ್, ಒಂದೇ ಮಾದರಿಯ ಕಮೋಡ್. ಕೆಳಗೆ ಒಮ್ಮೆ ಒತ್ತಿದರೆ ಸಾಕು, ಮೇಲೆ ಮೂರು ಸಲ ಒತ್ತಿದರೂ ಹೋಗುವುದಿಲ್ಲ. ಮನೆಯವರು ವಾಲ್ವ್ ಕೆಟ್ಟಿದೆ ಎಂದು ಹೊಸದು ತರುತ್ತಾರೆ. ಅದೂ ಹಾಗೇ. ತಪ್ಪು ವಾಲ್ವ್‌ನದ್ದಲ್ಲ, ಅದರ ಹಿಂದಿರುವ ಪೈಪಿನದ್ದು ಮತ್ತು ಟ್ಯಾಂಕಿನ ಎತ್ತರದ್ದು.

ಕಮೋಡ್ ಸ್ವಚ್ಛವಾಗಬೇಕಾದರೆ ಸುಮಾರು 6 ಲೀಟರ್ ನೀರು ನಾಲ್ಕೇ ಸೆಕೆಂಡಿನಲ್ಲಿ ಒಳಗೆ ನುಗ್ಗಬೇಕು. ಅಂದರೆ ಸೆಕೆಂಡಿಗೆ ಒಂದೂವರೆ ಲೀಟರ್. ಅದೇ 6 ಲೀಟರನ್ನು ಅರ್ಧ ನಿಮಿಷದಲ್ಲಿ ಸುರಿದರೆ ನೀರು ಖರ್ಚಾಗುತ್ತದೆಯೇ ಹೊರತು ಮಲ ಜಾಗ ಬಿಟ್ಟು ಕದಲುವುದಿಲ್ಲ. ಸಿಸ್ಟರ್ನ್ ಇರಲಿ, ಫ್ಲಶ್ ವಾಲ್ವ್ ಇರಲಿ, ಕಮೋಡ್ ಕೇಳುವುದು ಈ ರಭಸವನ್ನೇ. ಆ 6 ಲೀಟರ್ ಎಲ್ಲಿ ಕಾಯುತ್ತಿದೆ ಎಂಬುದರಲ್ಲಿ ಮಾತ್ರ ಎರಡಕ್ಕೂ ವ್ಯತ್ಯಾಸ.

ಸಿಸ್ಟರ್ನ್‌ನಲ್ಲಿ ಅದು ಕಮೋಡ್‌ನ ಬೆನ್ನಿಗೇ ಇದೆ. ಬಟನ್ ಒತ್ತಿದಾಗ ಕೆಳಗಿನ ಅಗಲ ಬಾಯಿ ತೆರೆದು ನೀರು ಒಮ್ಮೆಲೇ ಬೀಳುತ್ತದೆ. ಮತ್ತೆ ತುಂಬಲು ಅವಸರವಿಲ್ಲ: ಅರ್ಧ ಇಂಚಿನ ಆಂಗಲ್ ಕಾಕ್‌ನಿಂದ ನಿಮಿಷಕ್ಕೆ 6 ಲೀಟರ್ ಬಂದರೆ ಒಂದು ನಿಮಿಷ, ಇನ್ನೂ ನಿಧಾನವಾದರೆ ಎರಡು ಮೂರು ನಿಮಿಷ. ಫ್ಲಶ್ ವಾಲ್ವ್‌ಗೆ ಈ ದಾಸ್ತಾನು ಇಲ್ಲ. ಒತ್ತಿದ ಕ್ಷಣಕ್ಕೆ ಆ ರಭಸ ಟ್ಯಾಂಕಿನಿಂದ ಪೈಪಿನಲ್ಲೇ ಬರಬೇಕು. ಅಂದರೆ ಸಿಸ್ಟರ್ನ್ ತುಂಬುವ ಪೈಪಿಗಿಂತ ಹದಿನೈದು ಪಟ್ಟು ಹರಿವು.

ಒತ್ತಡದ ಲೆಕ್ಕ ಸುಲಭ. ಟ್ಯಾಂಕಿನ ತಳದಿಂದ ವಾಲ್ವ್‌ವರೆಗೆ ನೇರ ಎತ್ತರ ಅಳೆಯಿರಿ, 10 ಮೀಟರಿಗೆ ಸುಮಾರು ಒಂದು ಬಾರ್. ನಾನು ಕೆಲಸ ಮಾಡಿದ ಒಂದು ಮನೆಯಲ್ಲಿ ನೆಲಮಹಡಿಯ ಮೇಲೆ ಎರಡು ಮಹಡಿ, ಮೆಟ್ಟಿಲ ಹೆಡ್‌ರೂಮ್ ಮೇಲೆ ಟ್ಯಾಂಕ್. ಎರಡನೇ ಮಹಡಿಯ ವಾಲ್ವ್‌ಗೆ ಎತ್ತರ ಸಿಕ್ಕಿದ್ದು 4.5 ಮೀಟರ್, ಮೊದಲನೇ ಮಹಡಿಗೆ 7.5, ನೆಲಮಹಡಿಗೆ 10.5. ಡಬ್ಬದೊಳಗಿನ ಕಾಗದದಲ್ಲಿ ಆ ವಾಲ್ವ್‌ಗೆ ಬೇಕಾದ ಕನಿಷ್ಠ ಒತ್ತಡ ಅರ್ಧ ಬಾರ್, ಅಂದರೆ 5 ಮೀಟರ್ ಎಂದಿತ್ತು. ಎರಡನೇ ಮಹಡಿ ಅಲ್ಲಿಗೇ ಸೋತಿತ್ತು. ಟ್ಯಾಂಕನ್ನು ಹೆಡ್‌ರೂಮ್ ಬದಲು ನೇರ ತಾರಸಿಯ ಮೇಲೇ ಇಟ್ಟಿದ್ದರೆ ಎರಡು ಮೀಟರೂ ಸಿಗುತ್ತಿರಲಿಲ್ಲ.

ಆದರೆ ಎತ್ತರ ಅರ್ಧ ಕಥೆ ಮಾತ್ರ. ನೀರು ಓಡುವಾಗ ಪೈಪಿನ ಗೋಡೆಗೆ ಉಜ್ಜಿ ಒತ್ತಡ ಕಳೆದುಕೊಳ್ಳುತ್ತದೆ. ಆ ಮನೆಯಲ್ಲಿ ಬಚ್ಚಲಿಗೂ ಕಮೋಡ್‌ಗೂ ಸೇರಿ ಒಂದೇ ಒಂದಿಂಚಿನ ಸಿಪಿವಿಸಿ ಲೈನ್ ಇಳಿಸಿದ್ದರು. ಹೆಸರಿಗೆ ಒಂದಿಂಚು, ಒಳಗಿನ ರಂಧ್ರ ಸುಮಾರು 23 ಮಿಲಿಮೀಟರ್. ಸೆಕೆಂಡಿಗೆ ಒಂದೂವರೆ ಲೀಟರ್ ಓಡಿಸಿದರೆ ಈ ಪೈಪಿನಲ್ಲಿ ಪ್ರತಿ ಮೀಟರಿಗೆ ಅರ್ಧ ಮೀಟರಿನಷ್ಟು ಎತ್ತರ ಕರಗುತ್ತದೆ. ಎರಡನೇ ಮಹಡಿಗೆ, ಎಲ್ಬೋಗಳನ್ನು ಲೆಕ್ಕಕ್ಕೆ ಸೇರಿಸಿದರೆ, ಲೈನ್ 14 ಮೀಟರಿಗೆ ಸಮ. ಕರಗಬೇಕಾದದ್ದು 7 ಮೀಟರ್, ಕೈಯಲ್ಲಿರುವುದು 4.5. ಮೊದಲನೇ ಮಹಡಿಗೆ 18 ಮೀಟರ್ ಲೈನ್, ಕರಗುವುದು 9 ಮೀಟರ್, ಇರುವುದು 7.5. ಎರಡು ಕಡೆಯೂ ಆ ರಭಸ ಬರಲು ಸಾಧ್ಯವೇ ಇಲ್ಲ. ಅದೇ ಹರಿವಿಗೆ ಒಂದೂವರೆ ಇಂಚಿನ ಯುಪಿವಿಸಿ ಪೈಪ್‌ನಲ್ಲಿ, ಒಳರಂಧ್ರ 40 ಮಿಲಿಮೀಟರ್ ಆಸುಪಾಸು, ಮೀಟರಿಗೆ 4 ಸೆಂಟಿಮೀಟರ್ ಮಾತ್ರ ಕರಗುತ್ತದೆ. 18 ಮೀಟರಿಗೂ ಮುಕ್ಕಾಲು ಮೀಟರ್ ದಾಟುವುದಿಲ್ಲ. ಪೈಪ್ ಸ್ವಲ್ಪ ಅಗಲವಾದರೆ ನಷ್ಟ ಎಷ್ಟು ಪಟ್ಟು ಇಳಿಯುತ್ತದೆ ನೋಡಿ.

ಪ್ರೆಶರ್ ಗೇಜ್ ಇಲ್ಲಿ ಮೋಸ ಮಾಡುತ್ತದೆ. ನಲ್ಲಿ ಎಲ್ಲ ಮುಚ್ಚಿದ್ದಾಗ ಎರಡನೇ ಮಹಡಿಯಲ್ಲಿ ಮುಳ್ಳು ಅರ್ಧ ಬಾರ್ ಹತ್ತಿರವೇ ನಿಲ್ಲುತ್ತದೆ, ನಿಂತ ನೀರಿಗೆ ಉಜ್ಜಾಟವಿಲ್ಲವಲ್ಲ. ಫ್ಲಶ್ ಒತ್ತಿದ ಕೂಡಲೇ ಅದು ಸೊನ್ನೆಯ ಕಡೆ ಬೀಳುತ್ತದೆ. ಹಾಗಾಗಿ ನಾನು ಬಕೆಟ್ ಪರೀಕ್ಷೆಯನ್ನೇ ನಂಬುತ್ತೇನೆ: ವಾಲ್ವ್ ಬಿಚ್ಚಿ, ಬರಿ ಪೈಪಿನಿಂದ 15 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ನೋಡುವುದು. 10 ಸೆಕೆಂಡಿನೊಳಗೆ ತುಂಬಬೇಕು. ಈ ಮನೆಯಲ್ಲಿ 15 ಹಿಡಿಯಿತು, ಪಕ್ಕದ ನಲ್ಲಿ ತೆರೆದರೆ ಇನ್ನೂ ಹೆಚ್ಚು. ವಾಲ್ವ್ ಸೇರಿಸಿದ ಮೇಲೆ ಹರಿವು ಮತ್ತಷ್ಟು ಇಳಿಯುತ್ತದೆ.

ಒತ್ತಡ ಕಮ್ಮಿಯಾದಾಗ ಇನ್ನೊಂದು ತೊಂದರೆ ಇದೆ. ವಾಲ್ವ್ ಒಳಗೆ ಪಿಸ್ಟನ್ ಅಥವಾ ರಬ್ಬರ್ ಡಯಾಫ್ರಮ್ ಮೇಲೊಂದು ಸಣ್ಣ ಕೋಣೆ ಇರುತ್ತದೆ. ಒತ್ತಿದಾಗ ಕೋಣೆಯ ನೀರು ಖಾಲಿಯಾಗಿ ಪಿಸ್ಟನ್ ಮೇಲೇಳುತ್ತದೆ, ಸೂಜಿಯಂಥ ರಂಧ್ರದಿಂದ ಕೋಣೆ ಮತ್ತೆ ತುಂಬಿದಾಗ ಕೂರುತ್ತದೆ. ಲೈನಿನ ಒತ್ತಡವೇ ಅದನ್ನು ಕೂರಿಸುವ ಬಲ. ಅದು ಸಾಲದಿದ್ದರೆ ಪಿಸ್ಟನ್ ಪೂರ್ತಿ ಕೂರದೆ ನೀರು ಸುರಿಯುತ್ತಲೇ ಇರುತ್ತದೆ. ಬೋರ್‌ವೆಲ್ ಗಡಸು ನೀರಿನ ಉಪ್ಪು ಆ ರಂಧ್ರ ಕಟ್ಟಿದರೂ ಇದೇ ಲಕ್ಷಣ. ಗುರುತಿಸುವುದು ಹೇಗೆ? ರಭಸ ಚೆನ್ನಾಗಿದ್ದು ನಿಲ್ಲದಿದ್ದರೆ ರಂಧ್ರ ತೊಳೆಯಿರಿ, ರಭಸವೂ ಇಲ್ಲ ನಿಲ್ಲುವುದೂ ಇಲ್ಲ ಎಂದರೆ ಮೊದಲು ಪೈಪ್ ನೋಡಿ.

ಪ್ರೆಶರ್ ಪಂಪ್ ಹಾಕಿಸಿ ಎಂದು ಅಂಗಡಿಯವರು ಸಲಹೆ ಕೊಡುತ್ತಾರೆ. ಶವರ್‌ಗೆ ಕೊಡುವ ಸಣ್ಣ ಪಂಪ್ ನಿಮಿಷಕ್ಕೆ 30 ಲೀಟರ್ ತಳ್ಳಿದರೆ ಸೆಕೆಂಡಿಗೆ ಅರ್ಧ ಲೀಟರ್ ಆಯಿತು. ನಮಗೆ ಬೇಕಾದದ್ದು ಅದರ ಮೂರು ಪಟ್ಟು. ಅದಕ್ಕೆ ಹಣ ಹಾಕಬೇಡಿ.

ಈ ಮನೆಯಲ್ಲಿ ಎರಡನೇ ಮಹಡಿಗೆ ಡ್ಯುಯಲ್ ಫ್ಲಶ್ ಸಿಸ್ಟರ್ನ್ ಇರುವ ಕಮೋಡ್ ಕೂರಿಸಿದೆವು. ಹಳೆಯ ಲೈನಿನಿಂದಲೇ ಅರ್ಧ ಇಂಚಿನ ಕವಲು ಸಾಕಾಯಿತು. ಕೆಳಗಿನ ಎರಡು ಮಹಡಿಗೆ ಹೊರಗೋಡೆಯ ಮೇಲೆ ಒಂದೂವರೆ ಇಂಚಿನ ಯುಪಿವಿಸಿ ಲೈನನ್ನು ಫ್ಲಶ್‌ಗೇ ಎಂದು ಬೇರೆ ಇಳಿಸಿದೆವು. ಇಂಥ ಲೈನಿನಲ್ಲಿ ಬೇರೇನೂ ಸೇರಬಾರದು, ಇಲ್ಲದಿದ್ದರೆ ಒಬ್ಬರು ಫ್ಲಶ್ ಒತ್ತಿದಾಗ ಇನ್ನೊಬ್ಬರ ಶವರ್ ಸೊರಗುತ್ತದೆ. ಟ್ಯಾಂಕಿನ ನಿಪ್ಪಲ್ಲೂ ಒಂದೂವರೆ ಇಂಚಿನದೇ ಇರಬೇಕು. ಅಗಲ ಪೈಪಿಗೆ ಒಂದಿಂಚಿನ ನಿಪ್ಪಲ್ ಜೋಡಿಸಿ, ಕೆಲಸ ಕೆಟ್ಟಿತು ಎನ್ನುವವರಿದ್ದಾರೆ. ಟ್ಯಾಂಕಿನಿಂದ ಹೊರಟ ಕೂಡಲೇ ಪೂರ್ತಿ ತೆರೆಯುವ ಬಾಲ್ ವಾಲ್ವ್, ಅದರಾಚೆ ಟ್ಯಾಂಕಿನ ಬಾಯಿಗಿಂತ ಮೇಲೆ ಹೋಗುವ ಗಾಳಿ ಪೈಪ್. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿದಾಗ ಲೈನಿನಲ್ಲಿ ಸಿಕ್ಕಿಕೊಂಡ ಗಾಳಿ ಇದರಿಂದಲೇ ಹೊರಬೀಳುವುದು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ಟ್ಯಾಂಕ್ ಖಾಲಿಯಾಗುವುದು ಅಪರೂಪವೇನಲ್ಲ.

ವಾಲ್ವ್ ಕೂರಿಸುವ ಮೊದಲು ಹೊಸ ಲೈನನ್ನು ಪೂರ್ತಿ ತೆರೆದು ಎರಡು ಬಕೆಟ್ ನೀರು ಹೊರಗೆ ಬಿಟ್ಟೆವು. ಪೈಪ್ ಕೊಯ್ದ ಪುಡಿ ಒಳಗೆ ಉಳಿದರೆ ಮೊದಲ ದಿನವೇ ಆ ಸೂಜಿರಂಧ್ರಕ್ಕೆ ಹೋಗಿ ಕೂರುತ್ತದೆ. ಆಮೇಲೆ ಹರಿವಿನ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ, ಒಂದೇ ಒತ್ತಿಗೆ ಕಮೋಡ್ ಖಾಲಿಯಾಗಿ ನೀರು ತಾನೇ ನಿಲ್ಲುವ ಜಾಗದಲ್ಲಿ ಬಿಟ್ಟೆವು. ಮೊದಲನೇ ಮಹಡಿಯಲ್ಲಿ ಸ್ಕ್ರೂ ಹೆಚ್ಚು ತೆರೆಯಬೇಕಾಯಿತು, ನೆಲಮಹಡಿಯಲ್ಲಿ ಒತ್ತಡ ಹೆಚ್ಚು ಇದ್ದುದರಿಂದ ಕಮ್ಮಿ.